ಇದನ್ನ ಕಟ್ಟೋದು ಎಲ್ಲಿಗೆ?

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲೂ ಮಡಿಕೇರಿ ತನಕ ಬಂದಿದ್ದೀರಿ, ಅದಕ್ಕೆ ಪೀಠಿಕೆ ಇಲ್ಲದೆ ನೇರ ವಿಷಯಕ್ಕೆ ಬರ್ತೇನೆ.

ಕೆಲವು ವರ್ಷದ ಹಿಂದೆ ದೊಡ್ಡ ಊರಿನ ಒಂದು ಮ್ಯೂಸಿಯಂಗೆ ಹೋಗಿದ್ದೆ. ಜೊತೆಗೆ ಸುಳ್ಯದ ಕಡೆಯ ಹಿರಿಯರೊಬ್ಬರಿದ್ದರು, ನಮ್ಮ ತೋಟದಲ್ಲಿ ಬಹಳ ಕಾಲ ಕೆಲಸ ಮಾಡಿದವರು. ಅಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಪಂಜುರ್ಲಿ ದೈವದ ಒಂದು ಮೊಗ ಇತ್ತು. ಹಿತ್ತಾಳೆಯ ಹಂದಿ ಮುಖ, ಚೆನ್ನಾಗಿ ಉಜ್ಜಿ ಹೊಳೆಯುವಂತೆ ಮಾಡಿದ್ದರು. ನಾನು ಪಕ್ಕದ ಚೀಟಿ ಓದುತ್ತಿದ್ದೆ. ಅವರು ಚೀಟಿ ಕಡೆ ನೋಡಲೇ ಇಲ್ಲ. ಚಪ್ಪಲಿ ಬಿಟ್ಟು, ಬಗ್ಗಿ, ಒಂದು ಸಲ ಎಡದಿಂದ, ಒಂದು ಸಲ ಬಲದಿಂದ ನೋಡಿ ಕೇಳಿದರು: "ಇದನ್ನ ಕಟ್ಟೋದು ಎಲ್ಲಿಗೆ ಮಾರಾಯ್ರೇ?"

ಚೀಟಿಯಲ್ಲಿ ಲೋಹ ಇತ್ತು, ಶತಮಾನ ಇತ್ತು, ಎತ್ತರ ಸೆಂಟಿಮೀಟರ್‌ನಲ್ಲಿತ್ತು. ಕಟ್ಟೋದು ಎಲ್ಲಿಗೆ ಅನ್ನೋದು ಮಾತ್ರ ಇರಲಿಲ್ಲ.

ನಮ್ಮ ಕಡೆ ತೆರೆ, ಅಂದರೆ ದೈವದ ವೇಷ ಕಟ್ಟಿ ಕುಣಿಯುವುದನ್ನು ನೋಡಿದವರಿಗೆ, ಕುಟ್ಟಿಚಾತ ದೈವದ ಮುಂದೆ ನಡುರಾತ್ರಿ ಚಳಿಯಲ್ಲಿ ಕೂತವರಿಗೆ, ಈ ಪ್ರಶ್ನೆ ಬಿಡಿಸಿ ಹೇಳಬೇಕಿಲ್ಲ. ವೇಷ ಅಂದರೆ ಬರೀ ಮುಖ ಅಲ್ಲ. ಮೈಗೆ ಕಟ್ಟಿದ್ದು, ಕಾಲಿಗೆ ಕಟ್ಟಿದ್ದು, ಚೆಂಡೆ, ಬೆಂಕಿ ಎಲ್ಲ ಸೇರಿ ಅದು. ಆದರೆ ಇವತ್ತು ನಮ್ಮ ಕಡೆಯದನ್ನಲ್ಲ, ಬಹಳ ದೂರದ ಒಂದು ಮುಖವಾಡವನ್ನು ಬಿಚ್ಚಿ ತೋರಿಸುತ್ತೇನೆ. ಅದರಲ್ಲಿ ಏನು ಕಳೆದುಹೋಯಿತು ಅಂತ ಬೆರಳಿಟ್ಟು ಹೇಳಬಹುದು, ಅದಕ್ಕೆ.

ಕೆನಡಾದ ಪಶ್ಚಿಮ ಕರಾವಳಿ, ವ್ಯಾಂಕೂವರ್ ದ್ವೀಪದ ಉತ್ತರ ಭಾಗ. ಅಲ್ಲಿ ಕ್ವಾಕ್ವಕವಾಕ್ವ ಅನ್ನುವ ಜನ ಇದ್ದಾರೆ. ಅವರ ದೊಡ್ಡ ಕೂಟಕ್ಕೆ ಪಾಟ್‌ಲ್ಯಾಚ್ ಅಂತ ಹೆಸರು. ಮದುವೆ, ಸಾವು, ಹೆಸರಿಡುವುದು, ಹೀಗೆ ಒಂದು ಕಾರಣಕ್ಕೆ ಮನೆಯವರು ಊರೂರಿನವರನ್ನು ಕರೆದು, ಊಟ ಹಾಕಿ, ಕುಣಿತ ತೋರಿಸಿ, ಬಂದವರಿಗೆಲ್ಲ ಉಡುಗೊರೆ ಕೊಡುತ್ತಾರೆ. ಉಡುಗೊರೆ ತೆಗೆದುಕೊಂಡವನು ಸಾಕ್ಷಿ ಆಗುತ್ತಾನೆ. ಈ ಕುಣಿತ ಈ ಮನೆತನದ್ದು, ನಾನು ಕಣ್ಣಾರೆ ನೋಡಿದ್ದೇನೆ ಅಂತ ಮುಂದೆ ಹೇಳಬೇಕಾದವನು ಅವನು.

ಅಲ್ಲಿಯ ದೊಡ್ಡ ಕುಣಿತ ಹಮತ್ಸ. ಮನುಷ್ಯರನ್ನು ತಿನ್ನುವ ಒಂದು ಕಾಡಿನ ಶಕ್ತಿ ಒಬ್ಬ ಯುವಕನನ್ನು ಹಿಡಿದಿದೆ, ಅವನನ್ನು ಪಳಗಿಸಿ ಮತ್ತೆ ಮನುಷ್ಯನನ್ನಾಗಿ ಮಾಡಬೇಕು. ಆ ಶಕ್ತಿಯ ಜೊತೆಗಾರರಾಗಿ ದೊಡ್ಡ ಹಕ್ಕಿಗಳು ಬರುತ್ತವೆ. ಒಂದು ಕಾಗೆ ಜಾತಿಯದು, ಒಂದು ಬಾಗಿದ ಕೊಕ್ಕಿನದು, ಇನ್ನೊಂದು ಉದ್ದ ಕೊಕ್ಕಿನದು. ಈ ಉದ್ದ ಕೊಕ್ಕಿನದು ತಲೆಬುರುಡೆ ಒಡೆದು ಮಿದುಳು ತಿನ್ನುತ್ತದೆ. ಅದರ ಮುಖವಾಡ ರೆಡ್ ಸೀಡರ್ ಎಂಬ ಮರದಲ್ಲಿ ಕೆತ್ತಿದ್ದು, ಕೆಲವು ಒಂದು ಮೀಟರ್ ಮೀರುತ್ತವೆ. ಅಷ್ಟುದ್ದದ ಮರವನ್ನು ತಲೆಯ ಮೇಲೆ ಕಟ್ಟಿಕೊಂಡು ಕುಣಿಯುವುದು ಸುಮ್ನೆ ಮಾತಲ್ಲ. ಅದಕ್ಕೆ ಎದೆ, ಬೆನ್ನು ಸುತ್ತಿ ಬರುವ ಹಗ್ಗ ಇರುತ್ತದೆ. ಮರದ ನಾರಿನ ಜಾಲರಿ ಕೆಳಗೆ ಇಳಿಬಿದ್ದು ಕುಣಿಯುವವನ ಮೈ ಮುಚ್ಚುತ್ತದೆ. ಅವನಿಗೆ ಹೊರಗೆ ಹೆಚ್ಚೇನೂ ಕಾಣುವುದಿಲ್ಲ, ದಾರಿ ತೋರಿಸಲು ಪಕ್ಕದಲ್ಲಿ ಇನ್ನೊಬ್ಬ ಇರಬೇಕು.

ಈಗ ಮುಖ್ಯ ಭಾಗಕ್ಕೆ ಬರೋಣ. ಕೊಕ್ಕಿನ ಕೆಳದವಡೆ ಬಿಡಿ ತುಂಡು, ತನ್ನ ತೂಕಕ್ಕೇ ಕೆಳಗಿಳಿದು ಬಾಯಿ ತೆರೆಯುತ್ತದೆ. ಕುಣಿಯುವವನ ಕೈಯಲ್ಲಿ ಒಂದು ದಾರ. ಎಳೆದರೆ ದವಡೆ ಮೇಲಕ್ಕೆ ಹೋಗಿ ಟಕ್ ಅಂತ ಬಡಿಯುತ್ತದೆ. ಕತ್ತಲ ಮನೆ, ನಡುವೆ ಬೆಂಕಿ. ಹಕ್ಕಿ ನೆಲಕ್ಕೆ ಕುಕ್ಕರುಗಾಲಲ್ಲಿ ಕೂತು, ತಲೆ ಆ ಕಡೆ ಈ ಕಡೆ ಕೊಸರಿ, ಟಕ್ ಟಕ್ ಟಕ್ ಅಂತ ಕೊಕ್ಕು ಬಡಿಯುತ್ತದೆ. ನೋಡುವವರು ಸುತ್ತ ಕೂತಿರುತ್ತಾರೆ. ಕೊಕ್ಕು ಮೇಲ್ಮುಖವಾಗಿ ಚಾಚಿದಾಗ ಅವರಿಗೆ ಕಾಣುವುದು ಅದರ ಅಡಿಭಾಗ, ಬಾಯಿಯ ಒಳಗು.

ಇದೇ ಮುಖವಾಡ ಮ್ಯೂಸಿಯಂನಲ್ಲಿ ಹೇಗಿರುತ್ತದೆ? ಗೋಡೆಗೆ ಅಡ್ಡಡ್ಡ ನೇತು ಹಾಕಿ, ಕಣ್ಣಿನ ಮಟ್ಟಕ್ಕೆ ಇಟ್ಟು, ಮೇಲಿಂದ ಒಂದೇ ಸಮನಾದ ದೀಪ. ದಾರ ಹಳೆಯದಾಗಿ ಹರಿಯಬಹುದು ಅಂತ ಕೊಕ್ಕನ್ನು ಅಲುಗದಂತೆ ನಿಲ್ಲಿಸಿರುತ್ತಾರೆ. ಅದು ನ್ಯಾಯವಾದ ಭಯವೇ. ಆದರೆ ಬಡಿಯದ ಕೊಕ್ಕು ಬರೀ ಒಂದು ಕೆತ್ತನೆ, ಅಲ್ವಾ? ಮೇಲಾಗಿ, ಊರಲ್ಲಿ ಅದು ವರ್ಷದ ಹೆಚ್ಚು ದಿನ ಪೆಟ್ಟಿಗೆಯಲ್ಲಿ ಯಾರಿಗೂ ಕಾಣದಂತೆ ಇರುತ್ತಿತ್ತು. ಇಲ್ಲಿ ದಿನಾ ಬೆಳಿಗ್ಗೆ ಹತ್ತಕ್ಕೆ ಬಾಗಿಲು ತೆರೆದರೆ ಕಾಣುತ್ತದೆ. ಕಾಣದೇ ಇರುವುದೂ ಅದರ ಕೆಲಸವಾಗಿತ್ತು ಅಂತ ಯಾವ ಚೀಟಿಯೂ ಹೇಳುವುದಿಲ್ಲ.

ಕುಣಿದ ಮುಖವಾಡ ಯಾವುದು, ಮಾರಲಿಕ್ಕೇ ಮಾಡಿದ್ದು ಯಾವುದು ಅಂತ ಗೊತ್ತಾಗುವುದು ಹಿಂಭಾಗದಲ್ಲಿ. ಕುಣಿದದ್ದರ ಒಳಗು ತಲೆ ಕೂರುವಷ್ಟು ಟೊಳ್ಳಾಗಿರುತ್ತದೆ, ಬೆವರಿಗೆ ಮರ ಕಪ್ಪಾಗಿರುತ್ತದೆ. ಹಗ್ಗದ ತೂತುಗಳ ಅಂಚು ಸವೆದಿರುತ್ತದೆ. ದವಡೆಯ ಕೀಲಿಗೆ ಯಾವಾಗಲೋ ಚರ್ಮದ ಚೂರೋ ಬಟ್ಟೆಯೋ ಹಾಕಿ ಮೊಳೆ ಹೊಡೆದು ರಿಪೇರಿ ಮಾಡಿರುತ್ತಾರೆ. ಈ ಹಿಂಭಾಗವನ್ನು ಗೋಡೆಗೆ ತಿರುಗಿಸುತ್ತೇವೆ, ನೋಡಿ.

ಇವು ಮ್ಯೂಸಿಯಂಗೆ ಬಂದದ್ದು ಹೇಗೆ ಅನ್ನುವುದು ಇನ್ನೊಂದು ಕತೆ. ಕೆನಡಾ ಸರ್ಕಾರ 1885ರಿಂದ ಪಾಟ್‌ಲ್ಯಾಚ್‌ಗೆ ನಿಷೇಧ ಹಾಕಿತ್ತು. 1921ರ ಡಿಸೆಂಬರ್‌ನಲ್ಲಿ ಡ್ಯಾನ್ ಕ್ರ್ಯಾನ್ಮರ್ ಅನ್ನುವವರು ವಿಲೇಜ್ ಐಲೆಂಡ್ ಎಂಬ ದೂರದ ದ್ವೀಪದಲ್ಲಿ ದೊಡ್ಡ ಪಾಟ್‌ಲ್ಯಾಚ್ ಮಾಡಿದರು. ಸುದ್ದಿ ಸರ್ಕಾರದ ಏಜೆಂಟ್ ಹ್ಯಾಲಿಡೇಗೆ ಮುಟ್ಟಿತು. ಕೇಸಾಯಿತು. ಮುಖವಾಡ, ತಾಮ್ರದ ಫಲಕ ಎಲ್ಲ ಒಪ್ಪಿಸಿದರೆ ಜೈಲು ತಪ್ಪುತ್ತದೆ ಅಂದರು. ಕೆಲವರು ಒಪ್ಪಿಸಿದರು, ಕೆಲವರು ಜೈಲಿಗೆ ಹೋದರು. ವಶಪಡಿಸಿಕೊಂಡದ್ದನ್ನು ಅಲರ್ಟ್ ಬೇ ಊರಿನ ಚರ್ಚ್ ಹಾಲ್‌ನಲ್ಲಿ ಬೆಂಚಿನ ಮೇಲೆ ಸಾಲಾಗಿ ಜೋಡಿಸಿ, ಆಮೇಲೆ ಒಟ್ಟಾವಾ, ಟೊರೊಂಟೊ ಮ್ಯೂಸಿಯಂಗಳಿಗೆ ಕಳಿಸಿದರು. ಒಂದಿಷ್ಟನ್ನು ನ್ಯೂಯಾರ್ಕಿನ ಜಾರ್ಜ್ ಹೈ ಎಂಬ ಸಂಗ್ರಾಹಕ ಕೊಂಡ. ನಿಷೇಧ ಹೋದದ್ದು 1951ರಲ್ಲಿ.

ಕೇಳಿ ಕೇಳಿ, ಕೊನೆಗೆ ಹೆಚ್ಚಿನವು ವಾಪಸ್ ಸಿಕ್ಕಿದವು. ಆದರೆ ಮ್ಯೂಸಿಯಂ ಕಟ್ಟಿದರೆ ಮಾತ್ರ ಕೊಡುತ್ತೇವೆ ಅನ್ನುವ ಷರತ್ತಿನ ಮೇಲೆ! ಹಾಗಾಗಿ 1980ರಲ್ಲಿ ಅಲರ್ಟ್ ಬೇಯಲ್ಲಿ ಉಮಿಸ್ತಾ ಕೇಂದ್ರ ತೆರೆಯಿತು. ಅವರು ಒಂದು ಕೆಲಸ ಮಾಡಿದರು. ಮುಖವಾಡಗಳನ್ನು ಗಾಜಿನೊಳಗೆ ಇಡಲಿಲ್ಲ. ಪಾಟ್‌ಲ್ಯಾಚ್‌ನಲ್ಲಿ ಯಾವುದರ ನಂತರ ಯಾವುದು ಬರುತ್ತದೋ ಆ ಕ್ರಮದಲ್ಲೇ, ದೊಡ್ಡ ಮನೆಯಂಥ ಕೋಣೆಯಲ್ಲಿ ನಿಲ್ಲಿಸಿದರು.

ಹಾಗಾದರೆ ಎಲ್ಲ ವಾಪಸ್ ಕೊಟ್ಟುಬಿಟ್ಟರೆ ಮುಗಿಯಿತಾ? ನನಗೆ ಹಾಗನಿಸುವುದಿಲ್ಲ, ಎರಡು ಕಾರಣಕ್ಕೆ. ಹಿಂದೆ ಮ್ಯೂಸಿಯಂನವರು ಹುಳ ಹಿಡಿಯದಿರಲಿ ಅಂತ ವಸ್ತುಗಳಿಗೆ ಆರ್ಸೆನಿಕ್, ಪಾದರಸದ ಪುಡಿ ಹಾಕುತ್ತಿದ್ದರು. ಅಮೆರಿಕದ ಹೋಪಿ ಜನರಿಗೆ ಹಿಂತಿರುಗಿದ ಪವಿತ್ರ ವಸ್ತುಗಳಲ್ಲಿ ಆರ್ಸೆನಿಕ್ ಸಿಕ್ಕಿತ್ತು. ಮುಖಕ್ಕೆ ಕಟ್ಟಿಕೊಂಡು, ಬೆವರಿ, ಉಸಿರೆಳೆಯುವ ವಸ್ತುವಿಗೆ ವಿಷ ಹಾಕಿದರೆ ಅದು ಮನೆಗೆ ಬಂದರೂ ಕುಣಿಯಲಾಗದು. ಪರೀಕ್ಷೆ ಮಾಡಿಸದೆ ಮುಟ್ಟುವುದೂ ಕಷ್ಟ. ಇನ್ನೊಂದು, ಕ್ವಾಕ್ವಕವಾಕ್ವ ಜನರಿಗೆ ಆಸ್ತಿ ಅಂದರೆ ಮರದ ತುಂಡಲ್ಲ, ಕುಣಿಯುವ ಹಕ್ಕು. ಮುಖವಾಡ ಹಾಳಾದರೆ ಹೊಸದು ಕೆತ್ತಿಸುತ್ತಾರೆ, ಹಕ್ಕು ಮನೆಯಲ್ಲೇ ಉಳಿಯುತ್ತದೆ. ಹಳೆಯದು ಕೇಂದ್ರದಲ್ಲಿದ್ದರೂ ಹೊಸದು ಬೆಂಕಿಯ ಸುತ್ತ ಕೊಕ್ಕು ಬಡಿಯುತ್ತದೆ. ನಾವು ಹಳೆಯದರ ಶತಮಾನ ಎಣಿಸುತ್ತಾ ಕೂರುತ್ತೇವೆ.

ಕಳೆದ ವರ್ಷ ಮತ್ತೆ ಆ ಪಂಜುರ್ಲಿ ಮೊಗದ ಹತ್ತಿರ ಹೋಗಿದ್ದೆ, ಈ ಸಲ ಒಬ್ಬನೇ. ಹಿಂಭಾಗ ತೋರಿಸುತ್ತೀರಾ ಅಂತ ಕೇಳಿದೆ, ಆಗುವುದಿಲ್ಲ ಅಂದರು. ಪೆಟ್ಟಿಗೆಯ ಪಕ್ಕದ ಗಾಜಿಗೆ ಕೆನ್ನೆ ಒತ್ತಿ, ಮೊಬೈಲ್ ಟಾರ್ಚ್ ಹಾಕಿ ನೋಡಿದೆ. ಅಂಚಿನಲ್ಲಿ ಎರಡು ತೂತು. ಎಡಗಡೆಯದು ದುಂಡಗಿದೆ. ಬಲಗಡೆಯದರ ಕೆಳಬದಿ ಸವೆದು ಉದ್ದವಾಗಿದೆ, ಹಗ್ಗ ಎಳೆದ ಕಡೆಗೆ.