ಟೋಕನ್ ಕೊಟ್ಟವರು ಹಿಂದೆ ಸರಿದಾಗ

ಕೇಳುಗರೆಲ್ಲರಿಗೂ ನಮಸ್ಕಾರ. ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರು ಕುಳಿತು ದಸ್ತಾವೇಜು ಬರೆಯುವುದು ನನ್ನ ವೃತ್ತಿ. ನಮ್ಮಲ್ಲಿಗೆ ಬರುವ ತಕರಾರುಗಳಲ್ಲಿ ಒಂದು ಬಗೆಯದು ಹೀಗಿರುತ್ತದೆ: ಸೈಟು ನೋಡಿ, ಬೆಲೆ ಒಪ್ಪಿ, ಒಂದು ಲಕ್ಷವನ್ನೋ ಐವತ್ತು ಸಾವಿರವನ್ನೋ ಟೋಕನ್ ಎಂದು ಕೊಟ್ಟು ಹೋದವರು, ಕ್ರಯ ಕರಾರು ಆಗುವ ಮೊದಲೇ ಫೋನ್ ಮಾಡಿ, ನಮಗೆ ಬೇಡ, ಹಣ ವಾಪಸ್ ಕೊಡಿ ಎನ್ನುತ್ತಾರೆ. ಆಗ ಮಾರುವವರು ಏನು ಮಾಡಬೇಕು ಎಂಬುದನ್ನು, ಕೆಲವು ತಿಂಗಳ ಹಿಂದೆ ನನ್ನ ಮೇಜಿನ ಮುಂದೆ ಇತ್ಯರ್ಥವಾದ ಒಂದು ಪ್ರಕರಣವನ್ನು ಹಿಡಿದುಕೊಂಡು ಹೇಳುತ್ತೇನೆ.

ಮಾರುವವರು ನಿವೃತ್ತ ಮೇಷ್ಟ್ರು. ಮೂವತ್ತು ನಲವತ್ತರ ಸೈಟು, ಮಾತಾದ ಬೆಲೆ 38 ಲಕ್ಷ. ಖರೀದಿದಾರರು ಗಂಡ ಹೆಂಡತಿ ಇಬ್ಬರೂ ಬಂದು ನೋಡಿ, ಒಂದು ಲಕ್ಷ ಟೋಕನ್ ಕೊಟ್ಟಿದ್ದರು. ಅದರಲ್ಲಿ 10,000 ನಗದು. ಉಳಿದ 90,000 ಖರೀದಿದಾರರ ಭಾವನ ಖಾತೆಯಿಂದ ಫೋನ್ ಮೂಲಕ ಬಂದಿತ್ತು. ಮೇಷ್ಟ್ರು ಬಿಳಿ ಹಾಳೆಯ ಮೇಲೆ, ಸೈಟಿನ ಬಾಬ್ತು ಮುಂಗಡವಾಗಿ ಒಂದು ಲಕ್ಷ ರೂಪಾಯಿ ಪಡೆದಿದ್ದೇನೆ, 45 ದಿನಗಳೊಳಗೆ ಕ್ರಯ ಕರಾರು ಮಾಡಿಕೊಳ್ಳತಕ್ಕದ್ದು ಎಂದು ಬರೆದು ಸಹಿ ಹಾಕಿಕೊಟ್ಟಿದ್ದರು. ಖರೀದಿದಾರರು ಹಿಂದೆ ಸರಿದರೆ ಹಣದ ಗತಿಯೇನು ಎಂಬ ಮಾತು ಆ ಹಾಳೆಯಲ್ಲಿ ಇರಲಿಲ್ಲ. ಇಪ್ಪತ್ತೆರಡನೆಯ ದಿನ ಫೋನ್ ಬಂತು. ಮೇಷ್ಟ್ರು ಸಿಟ್ಟಿನಲ್ಲಿ, ಒಂದು ರೂಪಾಯಿಯೂ ಬರುವುದಿಲ್ಲ, ಏನು ಮಾಡಿಕೊಳ್ಳುತ್ತೀರೋ ಮಾಡಿಕೊಳ್ಳಿ ಎಂದು ಫೋನ್ ಇಟ್ಟುಬಿಟ್ಟರು. ಆಮೇಲೆ ನನ್ನಲ್ಲಿಗೆ ಬಂದರು.

ಆ ಮೊದಲ ಮಾತುಕತೆಯೇ ಮುಂದಿನ ದಾರಿಯನ್ನು ಅರ್ಧದಷ್ಟು ನಿರ್ಧರಿಸುತ್ತದೆ. ಕೊಡುತ್ತೇನೆ ಎಂದೂ ಹೇಳಬಾರದು, ಕೊಡುವುದಿಲ್ಲ ಎಂದೂ ಹೇಳಬಾರದು. ಏಕೆ ಬೇಡವಾಯಿತು, ಇದು ಮನೆಯವರೆಲ್ಲರ ಕೊನೆಯ ತೀರ್ಮಾನವೇ ಎಂದು ಕೇಳಿ, ಅದನ್ನೇ ಎರಡು ಸಾಲಿನಲ್ಲಿ ಬರೆದು ಕಳುಹಿಸಿ ಎನ್ನಬೇಕು. ವಾಟ್ಸಾಪ್ ಸಂದೇಶವಾದರೂ ಸಾಕು. ಬರಹ ಏಕೆ ಬೇಕೆಂದರೆ, ಫೋನಿನಲ್ಲಿ ಬೇಡ ಎಂದವರು ಆರು ತಿಂಗಳ ನಂತರ, ನಾವು ಸಿದ್ಧವಾಗಿಯೇ ಇದ್ದೆವು, ಮಾರುವವರೇ ಮಾತು ತಪ್ಪಿದರು ಎಂದು ನ್ಯಾಯಾಲಯಕ್ಕೆ ಹೋಗುವುದುಂಟು. ಕರಾರನ್ನು ಜಾರಿ ಮಾಡಿಸಿಕೊಡಿ ಎಂದು ದಾವೆ ಹೂಡಲು ಕಾಲಮಿತಿ ಕಾಯ್ದೆ ಮೂರು ವರ್ಷಗಳ ಅವಕಾಶ ಕೊಟ್ಟಿದೆ. ಬಿಳಿ ಹಾಳೆಯ ರಸೀದಿಯ ಮೇಲೆ ಅಂಥ ದಾವೆ ಕೊನೆಗೆ ನಿಲ್ಲುತ್ತದೆಯೋ ಇಲ್ಲವೋ ಬೇರೆ ಮಾತು. ದಾವೆ ಇದೆ ಎಂದ ಕೂಡಲೇ ಆ ಸೈಟಿಗೆ ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ.

ಕಾರಣ ಕೇಳುವುದು ಬರೀ ಕುತೂಹಲಕ್ಕಲ್ಲ. ಮಾರುವವರ ಪತ್ರಗಳಲ್ಲೇ ಕೊರತೆಯಿದ್ದು, ಅಂದರೆ ಒಡಹುಟ್ಟಿದವರ ಹಕ್ಕು ಬಿಡುಗಡೆ ಪತ್ರ ಆಗಿಲ್ಲದಿದ್ದರೆ, ಹಳೆಯ ಅಡಮಾನ ತೀರಿಲ್ಲದಿದ್ದರೆ ಅಥವಾ ಖಾತೆ ಇನ್ನೂ ತೀರಿಹೋದ ತಂದೆಯ ಹೆಸರಿನಲ್ಲೇ ಇದ್ದು ಅದನ್ನು ಮೊದಲೇ ತಿಳಿಸಿರದಿದ್ದರೆ, ಹಿಂದೆ ಸರಿದದ್ದು ಖರೀದಿದಾರರ ತಪ್ಪಾಗುವುದಿಲ್ಲ. ಆಗ ಪೂರ್ತಿ ಹಣ ಹಿಂದಿರುಗಿಸಬೇಕು. ಚೌಕಾಸಿಗೆ ಅಲ್ಲಿ ಜಾಗವಿಲ್ಲ. ಅಷ್ಟೇ ಅಲ್ಲ, ಖರೀದಿದಾರರು ಕೊಟ್ಟ ಹಣಕ್ಕೆ ಆಸ್ತಿಯ ಮೇಲೆಯೇ ಹೊರೆ ಹೇಳಿಕೊಳ್ಳುವ, ಅಂದರೆ ಆ ಹಣವನ್ನು ಆಸ್ತಿಯಿಂದಲೇ ವಸೂಲು ಮಾಡಿಕೊಳ್ಳುವ ಹಕ್ಕನ್ನು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮು ಅವರಿಗೆ ಕೊಡುತ್ತದೆ. ಸಕಾರಣವಿಲ್ಲದೆ ಹಿಂದೆ ಸರಿದವರಿಗೆ ಆ ರಕ್ಷಣೆ ಇಲ್ಲ.

ನಮ್ಮ ಪ್ರಕರಣದಲ್ಲಿ ಖರೀದಿದಾರರು ಹೇಳಿದ್ದು, ಬ್ಯಾಂಕ್ ಸಾಲ ಆಗಲಿಲ್ಲ ಎಂದು. ಇದು ಎಲ್ಲರೂ ಹೇಳುವ ಮಾತು, ಮತ್ತು ಎರಡು ಅರ್ಥದ ಮಾತು. ಪತ್ರ ಸರಿಯಿಲ್ಲವೆಂದು ಸಾಲ ಆಗದಿದ್ದರೆ ಹೊಣೆ ಮಾರುವವರದು, ಸಂಬಳ ಸಾಲದೆ ಆಗದಿದ್ದರೆ ಹೊಣೆ ಕೊಳ್ಳುವವರದು. ಬ್ಯಾಂಕಿನವರು ಕೊಟ್ಟ ಉತ್ತರದ ಪ್ರತಿ ತನ್ನಿ ಎಂದೆ. ತಂದರು. ಅವರಿಗೆ ಆಗಲೇ ಕಾರಿನ ಸಾಲದ ಕಂತು ಇದ್ದುದರಿಂದ ಕೇಳಿದ ಮೊತ್ತ ಮಂಜೂರಾಗಿರಲಿಲ್ಲ; ಸೈಟಿನ ಪತ್ರಗಳ ಬಗ್ಗೆ ಆಕ್ಷೇಪದ ಒಂದು ಸಾಲೂ ಅದರಲ್ಲಿರಲಿಲ್ಲ.

ಹಾಗಾದರೆ ಒಂದು ಲಕ್ಷವೂ ನನ್ನದೇ ತಾನೇ ಎಂದು ಮೇಷ್ಟ್ರು ಕೇಳಿದರು. ಇಲ್ಲಿ ಸ್ವಲ್ಪ ನಿಲ್ಲಬೇಕು. ಉತ್ತರ ಕರ್ನಾಟಕದಲ್ಲಿ ಈ ಹಣವನ್ನು ಸಂಚಕಾರ ಎನ್ನುತ್ತಾರೆ; ನಮ್ಮ ಕಡೆ ಅದೇ ಶಬ್ದ ಜೀವಕ್ಕೆ ಬಂದ ಕುತ್ತು ಎಂಬರ್ಥದಲ್ಲಿ ಬಳಕೆಯಾಗುತ್ತದೆ, ಎರಡೂ ಕಡೆಯವರು ಸರಿಯೇ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಕಾನೂನಿನ ದೃಷ್ಟಿಯಲ್ಲಿ, ಮಾತಿಗೆ ತಪ್ಪಿದರೆ ಮುಟ್ಟುಗೋಲಾಗುತ್ತದೆ ಎಂದು ಬರೆದುಕೊಟ್ಟ ಸಂಚಕಾರ ಬೇರೆ, ಬೆಲೆಯ ಒಂದು ಭಾಗವಾಗಿ ಕೊಟ್ಟ ಮುಂಗಡ ಬೇರೆ. ದೆಹಲಿಯ ಒಂದು ಆಸ್ತಿಯ ವಿಷಯದಲ್ಲಿ ಸುಪ್ರೀಂ ಕೋರ್ಟು 1963ರಲ್ಲಿ ಕೊಟ್ಟ ತೀರ್ಪನ್ನು ವಕೀಲರು ಇಂದಿಗೂ ಉದಾಹರಿಸುತ್ತಾರೆ. ಅಲ್ಲಿ ಬೆಲೆ 1,12,500 ರೂಪಾಯಿ. ಖರೀದಿದಾರರು ಸಂಚಕಾರವೆಂದು 1,000, ಆಮೇಲೆ ಬೆಲೆಯ ಬಾಬ್ತು 24,000 ಕೊಟ್ಟಿದ್ದರು. ತಪ್ಪಿದರೆ ಇಪ್ಪತ್ತೈದು ಸಾವಿರವೂ ಮುಟ್ಟುಗೋಲು ಎಂದು ಕರಾರಿನಲ್ಲಿ ಬರೆದಿದ್ದರೂ, ನ್ಯಾಯಾಲಯ ಮಾರುವವರಿಗೆ ಆ 1,000 ಮಾತ್ರ ಇಟ್ಟುಕೊಳ್ಳಲು ಬಿಟ್ಟಿತು. 2015ರ ಇನ್ನೊಂದು ತೀರ್ಪಿನಲ್ಲಿ, ಆ ಪ್ರಕರಣದ ಆಸ್ತಿ ಮುಂದೆ ಹೆಚ್ಚಿನ ಬೆಲೆಗೆ ಮಾರಾಟವಾಗಿ ನಷ್ಟವೇ ಆಗಿಲ್ಲವಾದ್ದರಿಂದ ಮುಂಗಡವನ್ನು ಉಳಿಸಿಕೊಳ್ಳುವಂತಿಲ್ಲ ಎಂದಿತು. ಮುಟ್ಟುಗೋಲಿನ ಷರತ್ತು ಸ್ಪಷ್ಟವಾಗಿದ್ದು ಮೊತ್ತ ಹದವಾಗಿದ್ದಾಗ ಅದನ್ನು ಎತ್ತಿಹಿಡಿದ ತೀರ್ಪುಗಳೂ ಇವೆ. ಆದರೆ ಮೇಷ್ಟ್ರ ರಸೀದಿಯಲ್ಲಿ ಆ ಷರತ್ತೇ ಇಲ್ಲ, ಇರುವುದು ಮುಂಗಡ ಎಂಬ ಒಂದೇ ಶಬ್ದ. ಆದ್ದರಿಂದ, ನಿಮಗೆ ಆದ ನಷ್ಟವೆಷ್ಟು ಎಂದು ಲೆಕ್ಕ ಹಾಕೋಣ ಎಂದೆ.

ಮೇಷ್ಟ್ರು ಪಟ್ಟಿಯನ್ನೇ ತಂದರು. ದಲ್ಲಾಳಿಗೆ ಕೊಟ್ಟದ್ದು 10,000. ಅದೇ ದಲ್ಲಾಳಿ ಅದೇ ಹಣಕ್ಕೆ ಮುಂದಿನ ಗಿರಾಕಿಯನ್ನು ತರಲು ಒಪ್ಪಿದ್ದರಿಂದ ಅದು ನಷ್ಟವಲ್ಲ. ಆಸ್ತಿಯ ಮೇಲಿನ ನೋಂದಾಯಿತ ವ್ಯವಹಾರಗಳನ್ನು ತೋರಿಸುವ ಇ.ಸಿ. ಮತ್ತು ದೃಢೀಕೃತ ನಕಲುಗಳ ಖರ್ಚು. ಆ ಕಾಗದಗಳು ಇನ್ನೂ ಅವರ ಫೈಲಿನಲ್ಲೇ ಇವೆ, ಮುಂದಿನವರಿಗೂ ತೋರಿಸಬಹುದು. ಓಡಾಟ, ಮನಸ್ಸಿನ ನೋವು ಎಂದೂ ಬರೆದಿದ್ದರು, ಅದಕ್ಕೆ ನಾನು ಏನೂ ಹೇಳಲಿಲ್ಲ. ನಿಜವಾದ ನಷ್ಟ ಬೇರೆ ಕಡೆ ಇತ್ತು. ಟೋಕನ್ ಬಂದ ಮೇಲೆ ಅವರು ಇನ್ನೊಬ್ಬ ಗಿರಾಕಿಯನ್ನು ವಾಪಸ್ ಕಳುಹಿಸಿದ್ದರು. ಆತನನ್ನು ಮತ್ತೆ ಕರೆದಾಗ 37,70,000ಕ್ಕೆ ಮಾತ್ರ ಒಪ್ಪಿದರು. ಬೆಲೆಯಲ್ಲಿ ಇಳಿದ ಈ 30,000ವನ್ನು ಯಾರ ಮುಂದೆ ಬೇಕಾದರೂ ತೋರಿಸಬಹುದು.

ಮೇಷ್ಟ್ರಿಗೆ ನಾನು ಹೇಳಿದ ಮಾತು ಒಂದೇ. ನಿಮಗೆ ಈಗ ಬೇಕಾಗಿರುವುದು ಅವರ ಹಣವಲ್ಲ, ಅವರ ಸಹಿ. ಹಳೆಯ ಗಿರಾಕಿಯ ಹಕ್ಕು ತೀರಿತೆಂದು ತೋರಿಸುವ ಕಾಗದ ಇಲ್ಲದೆ ಹೊಸ ಗಿರಾಕಿಯಿಂದ ಹಣ ತೆಗೆದುಕೊಂಡರೆ, ಒಂದೇ ಸೈಟಿಗೆ ಇಬ್ಬರು ವಾರಸುದಾರರನ್ನು ನೀವೇ ಮಾಡಿಕೊಂಡಂತೆ. ಮೂರನೆಯ ದಿನ ಎರಡೂ ಕಡೆಯವರು ಬಂದು ಕುಳಿತರು. ಒಂದಷ್ಟು ಎಳೆದಾಟವಾಗಿ, ಮೇಷ್ಟ್ರು 25,000 ಇಟ್ಟುಕೊಂಡು 75,000 ಹಿಂದಿರುಗಿಸುವುದೆಂದು ಒಪ್ಪಿಗೆಯಾಯಿತು.

ತೀರುವಳಿ ಪತ್ರವನ್ನು ಇ-ಸ್ಟಾಂಪ್ ಕಾಗದದ ಮೇಲೆ ಬರೆದೆವು. ಸೈಟಿನ ನಂಬರು ಮತ್ತು ಚಕ್ಕುಬಂದಿ, ಟೋಕನ್ ಬಂದ ದಿನಾಂಕ, ನಗದೆಷ್ಟು, ಖಾತೆಗೆ ಬಂದದ್ದೆಷ್ಟು, ಹಿಂದಿರುಗಿಸುವುದೆಷ್ಟು, ಬೆಲೆಯಲ್ಲಾದ ನಷ್ಟದ ಬಾಬ್ತು ಉಳಿಸಿಕೊಂಡದ್ದೆಷ್ಟು ಎಂಬುದೆಲ್ಲ ಬಂದವು. ಕಾರಣದ ಜಾಗದಲ್ಲಿ, ಖರೀದಿದಾರರು ತಮ್ಮ ಸ್ವಂತ ಹಣಕಾಸಿನ ಕಾರಣದಿಂದ ಎಂದಷ್ಟೇ ಬರೆದೆ. ಯಾರನ್ನೂ ಹಳಿಯುವ ಮಾತನ್ನು ಬರೆದರೆ ಸಹಿ ಬೀಳುವುದಿಲ್ಲ. ಮುಖ್ಯವಾದ ವಾಕ್ಯ ಇದು: ಸದರಿ ಸ್ವತ್ತಿನ ಮೇಲಾಗಲಿ, ಮಾರಾಟಗಾರರ ಮೇಲಾಗಲಿ ನಮಗೆ ಇನ್ನು ಮುಂದೆ ಯಾವುದೇ ಹಕ್ಕು, ಬಾಕಿ ಅಥವಾ ತಕರಾರು ಇರುವುದಿಲ್ಲ, ಮಾರಾಟಗಾರರು ಸದರಿ ಸ್ವತ್ತನ್ನು ತಮಗೆ ಬೇಕಾದವರಿಗೆ ಮಾರಾಟ ಮಾಡಲು ನಮ್ಮ ಅಡ್ಡಿ ಇಲ್ಲ. ರಸೀದಿ ಗಂಡನ ಹೆಸರಿನಲ್ಲಿ ಮಾತ್ರ ಇದ್ದರೂ, ಮಾತುಕತೆಯಲ್ಲಿ ಇದ್ದುದರಿಂದ ಹೆಂಡತಿಯ ಸಹಿಯನ್ನೂ ಹಾಕಿಸಿದೆ.

ಹಣ ಹಿಂದಿರುಗಿಸುವಾಗ ಖರೀದಿದಾರರು ಅದನ್ನು ತಮ್ಮ ಖಾತೆಗೆ ಹಾಕಿ ಎಂದರು. ನಾನು ಒಪ್ಪಲಿಲ್ಲ. ಬಂದದ್ದು ಭಾವನ ಖಾತೆಯಿಂದ, ಹೋಗಬೇಕಾದದ್ದೂ ಅಲ್ಲಿಗೇ. ಇಲ್ಲದಿದ್ದರೆ ನಾಳೆ ಭಾವನವರು ನನ್ನ 90,000 ಎಲ್ಲಿ ಎಂದು ಬಂದರೆ ಉತ್ತರವಿರುವುದಿಲ್ಲ. ಅವರನ್ನೂ ಕರೆಸಿ ಒಪ್ಪಿಗೆಯ ಸಹಿ ತೆಗೆದುಕೊಂಡೆವು. ನಗದಾಗಿ ಕೊಟ್ಟುಬಿಡುತ್ತೇನೆ ಎಂದು ಮೇಷ್ಟ್ರು ಹೊರಟಿದ್ದರು, ಅದೂ ಆಗದು: ಸ್ಥಿರಾಸ್ತಿಯ ಮುಂಗಡವಾಗಿ 20,000 ಅಥವಾ ಅದಕ್ಕಿಂತ ಹೆಚ್ಚು ಹಣವನ್ನು ನಗದಾಗಿ ಪಡೆಯುವುದನ್ನೂ, ಹಿಂದಿರುಗಿಸುವುದನ್ನೂ ಆದಾಯ ತೆರಿಗೆ ಕಾನೂನು 2015ರ ಜೂನ್ 1ರಿಂದ ನಿಷೇಧಿಸಿದೆ, ಮೀರಿದರೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಉಳಿಸಿಕೊಂಡ 25,000ವನ್ನು ಆ ವರ್ಷದ ಆದಾಯದಲ್ಲಿ ತೋರಿಸಬೇಕೆಂದೂ ಅವರಿಗೆ ತಿಳಿಸಿದೆ.

ಇನ್ನು ಉಳಿದದ್ದು, ಮೊದಲು ಸಹಿಯೋ ಮೊದಲು ಹಣವೋ ಎಂಬ ಪ್ರಶ್ನೆ. ಇದರಲ್ಲೇ ಎಷ್ಟೋ ರಾಜಿಗಳು ಮುರಿದುಬಿದ್ದಿವೆ. ಎಲ್ಲರೂ ಸಹಿ ಹಾಕಿ ಪತ್ರವನ್ನು ನನ್ನ ಮುಂದಿಟ್ಟರು, ಹಣ ಕಳುಹಿಸಿದ ಉಲ್ಲೇಖ ಸಂಖ್ಯೆಗೆಂದು ಅದರಲ್ಲಿ ಒಂದು ಸಾಲು ಖಾಲಿ ಬಿಟ್ಟಿದ್ದೆ. ಮೇಷ್ಟ್ರ ಮಗ ಫೋನಿನಲ್ಲಿ ಹಣ ಕಳುಹಿಸಿದ. ಬ್ಯಾಂಕಿನ ಸರ್ವರ್ ಇಪ್ಪತ್ತು ನಿಮಿಷ ಸತಾಯಿಸಿತು. ಯಾರೂ ಮಾತಾಡದೆ ಚಹಾ ಕುಡಿದೆವು. ಭಾವನ ಫೋನಿಗೆ ಜಮೆಯ ಸಂದೇಶ ಬಂದ ಮೇಲೆ ಆ ಸಂಖ್ಯೆಯನ್ನು ಕೈಯಲ್ಲೇ ತುಂಬಿ, ಅದರ ಪಕ್ಕ ಇಬ್ಬರ ಚುಟುಕು ಸಹಿ ಹಾಕಿಸಿ, ಇಬ್ಬರು ಸಾಕ್ಷಿಗಳಿಂದ ಸಹಿ ಮಾಡಿಸಿದೆ. ಹಳೆಯ ರಸೀದಿಯ ಮೂಲ ಪ್ರತಿಯನ್ನು ವಾಪಸ್ ಪಡೆದು, ಅಡ್ಡ ಗೆರೆ ಎಳೆದು, ರದ್ದು ಎಂದು ಬರೆದೆವು.

ಟೋಕನ್ ಹಂತ ದಾಟಿ ಕ್ರಯ ಕರಾರು ನೋಂದಣಿಯಾಗಿದ್ದರೆ ಇಷ್ಟು ಸಾಲದು. ಆ ಕರಾರು ಇ.ಸಿ.ಯಲ್ಲಿ ಕಾಣಿಸುವುದರಿಂದ ರದ್ದತಿ ಪತ್ರವನ್ನೂ ನೋಂದಾಯಿಸಬೇಕು. ಮಾತುಕತೆಗೇ ಬಾರದವರಿಗೆ, ಕ್ರಯಕ್ಕೆ ನಾವು ಸಿದ್ಧ, ಇಂಥ ದಿನದೊಳಗೆ ಬಾರದಿದ್ದರೆ ನೀವು ಹಿಂದೆ ಸರಿದಿರೆಂದು ತಿಳಿಯುತ್ತೇವೆ ಎಂದು ವಕೀಲರ ಮೂಲಕ ನೋಟಿಸ್ ಕೊಡಿಸಿ, ತಲುಪಿದ ದಾಖಲೆಯನ್ನು ಇಟ್ಟುಕೊಳ್ಳಬೇಕಾಗುತ್ತದೆ.

ಎರಡು ವಾರದ ನಂತರ ಹೊಸ ಖರೀದಿದಾರರ ವಕೀಲರು ನನ್ನಲ್ಲಿಗೆ ಬಂದರು. ಊರಿನಲ್ಲಿ ಯಾರೋ ಅವರಿಗೆ, ಈ ಸೈಟಿಗೆ ಆಗಲೇ ಅಡ್ವಾನ್ಸ್ ಆಗಿತ್ತಂತೆ ಎಂದಿದ್ದರು. ಮೇಷ್ಟ್ರು ಫೈಲು ತೆಗೆದು ತೀರುವಳಿ ಪತ್ರವನ್ನೂ, ಅದರ ಹಿಂದೆ ಪಿನ್ನು ಹಾಕಿದ್ದ ರದ್ದಾದ ರಸೀದಿಯನ್ನೂ ಅವರ ಮುಂದಿಟ್ಟರು. ವಕೀಲರು ಎರಡನ್ನೂ ಓದಿ, ಒಂದೊಂದು ಜೆರಾಕ್ಸ್ ಮಾಡಿಸಿಕೊಡಿ ಎಂದರು. ನಮಸ್ಕಾರ.