ಬೆಳ್ಯಪ್ಪಜ್ಜನ ಹೆಬ್ಬೆರಳು

ಕೇಳುಗರಿಗೆ ನಮಸ್ಕಾರ.

ಮಡಿಕೇರಿಯ ಒಂದು ಬ್ಯಾಂಕಿನಲ್ಲಿ ಖಾತೆ ತೆರೆಯುವ ಕೌಂಟರಿನಲ್ಲಿ ನಾನು ಕೂರುತ್ತಿದ್ದ ಕಾಲದ ಕಥೆ ಇದು. 2019ರ ಮಳೆಗಾಲ. ಕಕ್ಕಡ ತಿಂಗಳು. ಬೆಳಿಗ್ಗೆ ಹನ್ನೊಂದಕ್ಕೂ ಲೈಟು ಹಾಕಿಕೊಂಡೇ ಕೂತಿದ್ದೆವು. ಬಾಗಿಲ ಹತ್ತಿರ ಒಬ್ಬ ಅಜ್ಜ ಕೊಡೆ ಮಡಚಿ ನಿಂತಿದ್ದರು. ಒಳಗೆ ಬರಲೋ ಬೇಡವೋ ಅನ್ನುವ ಹಾಗೆ. ಚಪ್ಪಲಿ ಹೊರಗೇ ಬಿಟ್ಟಿದ್ದರು. ಅವರ ನಿಜವಾದ ಹೆಸರು ಬೇಡ, ಬೆಳ್ಯಪ್ಪಜ್ಜ ಅನ್ನೋಣ.

"ಒಂದು ಖಾತೆ ಬೇಕಿತ್ತು ಮಗಾ" ಎಂದರು.

ಮೂರು ಎಕರೆ ಕಾಫಿ, ಸ್ವಲ್ಪ ಗದ್ದೆ. ಅರುವತ್ತೆಂಟು ವರ್ಷ ಬ್ಯಾಂಕಿನ ಮೆಟ್ಟಿಲು ಹತ್ತಿದವರಲ್ಲ. ಗೊಬ್ಬರದ ಸಾಲ ಊರಿನ ಸೊಸೈಟಿಯಲ್ಲಿ, ಅದೂ ಅಣ್ಣನ ಹೆಸರಲ್ಲಿ. ಕಾಫಿ ಮಾರಿದರೆ ವ್ಯಾಪಾರಿ ಅಂಗಳದಲ್ಲೇ ನೋಟು ಎಣಿಸಿ ಕೊಡುತ್ತಿದ್ದ. ಆ ವರ್ಷ ಮಳೆಗೆ ಕಾಫಿ ಕಾಯಿ ಉದುರಿತ್ತು. ಪರಿಹಾರ ಬರುವುದಾದರೆ ಆಧಾರ್ ಜೋಡಿಸಿದ ಖಾತೆಗೇ ಬರುತ್ತದೆ ಎಂದು ಗ್ರಾಮ ಲೆಕ್ಕಿಗರು ಹೇಳಿದ್ದರಂತೆ. ಅದಕ್ಕೇ ಬಂದಿದ್ದು.

ಅಂಗಿಯ ಒಳಗಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದರು. ಅದರೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು. ಕೊನೆಗೆ ಆಧಾರ್ ಕಾರ್ಡು, ಎರಡು ಫೋಟೋ, ಐನೂರರ ಒಂದು ನೋಟು. ಆ ಮಳೆಯಲ್ಲೂ ಒಂದೂ ನೆನೆದಿರಲಿಲ್ಲ.

"ಪ್ಯಾನ್ ಕಾರ್ಡ್ ಇದೆಯಾ ಅಜ್ಜ?"

"ಇಲ್ಲ. ಹಾಗಾದರೆ ಆಗಲ್ವಾ?"

ಆಗುತ್ತದೆ. ಪ್ಯಾನ್ ಇಲ್ಲದವರಿಗೆ ಆಗ ಫಾರಂ ಅರುವತ್ತು ಎಂಬುದೊಂದು ಇತ್ತು. ಅದರಲ್ಲಿ ಕೃಷಿ ಆದಾಯಕ್ಕೆ ಬೇರೆ ಜಾಗ, ಉಳಿದ ಆದಾಯಕ್ಕೆ ಬೇರೆ ಜಾಗ. ಎರಡನ್ನೂ ಬರೆದು ಸಹಿ ಹಾಕಿದರೆ ಸಾಕಿತ್ತು. ಎಷ್ಟೋ ಜನ ರೈತರು ಪ್ಯಾನ್ ಇಲ್ಲವೆಂದು ಬಾಗಿಲಿಂದಲೇ ವಾಪಸ್ ಹೋಗುವುದನ್ನು ನೋಡಿದ್ದೇನೆ. ಕೇಳುವುದಕ್ಕೂ ಸಂಕೋಚ.

ತೊಂದರೆ ಬಂದದ್ದು ಬೆರಳಿನಲ್ಲಿ. ನಮ್ಮಲ್ಲಿ ಬೆರಳು ಒತ್ತಿಸಿ ಆಧಾರ್ ಪರೀಕ್ಷೆ ಮಾಡುವ ಸಣ್ಣ ಯಂತ್ರ ಇತ್ತು. ಅಜ್ಜ ಬಲಗೈ ಹೆಬ್ಬೆರಳು ಇಟ್ಟರು. ಹೊಂದುತ್ತಿಲ್ಲ ಎಂದಿತು. ಎಡಗೈ ಇಟ್ಟರು. ಅದೂ ಇಲ್ಲ. ಒದ್ದೆ ಇರಬಹುದೆಂದು ಪಂಚೆಗೆ ಒರೆಸಿ ಇಟ್ಟರು. ಹತ್ತೂ ಬೆರಳು ಆಯಿತು.

"ನನ್ನ ಕೈ ನಂದಲ್ಲ ಅನ್ನುತ್ತದಾ ಇದು?"

ನಾನು ಆ ಕೈ ಹಿಡಿದು ನೋಡಿದೆ. ಗೆರೆಗಳೇ ಇರಲಿಲ್ಲ. ಐವತ್ತು ವರ್ಷ ಕತ್ತಿ ಹಿಡಿದು, ಕಾಫಿ ಕೊಯ್ದು, ಅಡಿಕೆ ಸುಲಿದ ಕೈ. ಬೆರಳ ತುದಿ ನುಣ್ಣಗೆ ಸವೆದು, ಪಕ್ಕದಲ್ಲಿ ಬಿರುಕು ಬಿಟ್ಟಿತ್ತು. ಯಂತ್ರ ಹುಡುಕುವುದು ಆ ಗೆರೆಗಳನ್ನೇ ಅಲ್ವಾ? ತೋಟದ ಕೆಲಸದವರಿಗೆ, ಗಾರೆ ಕೆಲಸದವರಿಗೆ ಹೀಗಾಗುವುದು ಜಾಸ್ತಿ. ಆದರೆ ಬೆರಳು ಹೊಂದಲಿಲ್ಲ ಎಂದರೆ ಖಾತೆ ಇಲ್ಲ ಎಂದಲ್ಲ. ಮೂಲ ಆಧಾರ್ ಕಾರ್ಡನ್ನು ಕಣ್ಣಾರೆ ನೋಡಿ, ಜೆರಾಕ್ಸ್ ಪ್ರತಿಯ ಮೇಲೆ ಅವರ ಸಹಿ ಪಡೆದು, 'ಮೂಲದೊಂದಿಗೆ ಹೋಲಿಸಿದೆ' ಎಂದು ನಾವು ಸಹಿ ಮಾಡಿ ಮುದ್ರೆ ಒತ್ತಿದರೆ ಆಯಿತು. ಹಳೆಯ ದಾರಿ. ಸ್ವಲ್ಪ ನಿಧಾನ, ಅಷ್ಟೆ.

"ಸಹಿ ಇಂಗ್ಲಿಷಲ್ಲಿ ಹಾಕಬೇಕಾ?"

"ಕನ್ನಡದಲ್ಲೇ ಹಾಕಿ ಅಜ್ಜ. ಇವತ್ತು ಹೇಗೆ ಹಾಕುತ್ತೀರೋ ಮುಂದೆಯೂ ಹಾಗೇ ಹಾಕಿ."

ಹಳೆ ಕಾಗದದ ಮೇಲೆ ನಾಲ್ಕು ಸಲ ಬರೆದು ನೋಡಿಕೊಂಡು, ಐದನೇ ಸಲ ಫಾರಂ ಮೇಲೆ ಬರೆದರು. ಒತ್ತಕ್ಷರದ ಹತ್ತಿರ ಪೆನ್ನು ನಿಂತು ನಿಂತು ಹೋಯಿತು.

ಆಮೇಲೆ ನಾಮಿನಿ. ಇಲ್ಲಿ ಅಜ್ಜ ಪೂರ್ತಿ ಸುಮ್ಮನಾಗಿಬಿಟ್ಟರು. ದೊಡ್ಡ ಮಗ ಬೆಂಗಳೂರಿನಲ್ಲಿ, ಚಿಕ್ಕವನು ತೋಟದಲ್ಲಿ. ಒಬ್ಬನ ಹೆಸರು ಬರೆದರೆ ಇನ್ನೊಬ್ಬನಿಗೆ ಪಾಲು ತಪ್ಪಿತು ಎಂದೇ ಅವರ ಲೆಕ್ಕ. ಊರಲ್ಲಿ ಎಷ್ಟೋ ಜಗಳ ಹೀಗೇ ಹುಟ್ಟುವುದು. ನಾಮಿನಿ ಎಂದರೆ ವಾರಸುದಾರ ಅಲ್ಲ ಎಂದೆ. ಖಾತೆದಾರ ತೀರಿಕೊಂಡರೆ ಬ್ಯಾಂಕು ಯಾರ ಕೈಗೆ ಹಣ ಕೊಡಬೇಕು ಎಂಬುದಕ್ಕೆ ಒಂದು ಹೆಸರು, ಅಷ್ಟೆ. ಆ ಹಣದಲ್ಲಿ ಹಕ್ಕಿದ್ದವರ ಹಕ್ಕು ಎಲ್ಲಿಗೂ ಹೋಗುವುದಿಲ್ಲ. ಅಜ್ಜ ಇದನ್ನು ಎರಡು ಸಲ ಹೇಳಿಸಿಕೊಂಡರು. ಕೊನೆಗೆ ಅಜ್ಜಿಯ ಹೆಸರು ಬರೆಸಿದರು. ವಯಸ್ಸು ಕೇಳಿದರೆ, "ನನಗಿಂತ ಆರು ವರ್ಷ ಸಣ್ಣವಳು, ಅವಳ ಲೆಕ್ಕದಲ್ಲಿ ಹತ್ತು" ಎಂದರು.

ಇಷ್ಟಾದರೆ ಮುಗಿಯಿತು ಎಂದು ಎದ್ದರು. ನಾನೇ ಕೂರಿಸಿದೆ. ಯಾಕೆ ಅಂದರೆ, ಹೆಚ್ಚಿನವರು ಎಡವುವುದು ಇಲ್ಲಿ. ಖಾತೆ ತೆರೆಯುವಾಗ ಆಧಾರ್ ಕೊಟ್ಟಿದ್ದೇವೆ, ಇನ್ನು ಸರ್ಕಾರದ ಹಣ ಇಲ್ಲಿಗೇ ಬರುತ್ತದೆ ಎಂದುಕೊಳ್ಳುತ್ತಾರೆ. ಹಾಗಲ್ಲ. ಈ ಆಧಾರ್ ನಂಬರಿನ ಹಣ ಯಾವ ಬ್ಯಾಂಕಿಗೆ ಹೋಗಬೇಕು ಎಂದು ದೇಶಕ್ಕೆಲ್ಲ ಸೇರಿ ಒಂದು ಪಟ್ಟಿ ಇದೆ. ಒಂದು ನಂಬರಿಗೆ ಒಂದೇ ಬ್ಯಾಂಕು. ನೀವು ಬೇರೆಯಾಗಿ ಒಪ್ಪಿಗೆ ಪತ್ರ ಬರೆದುಕೊಟ್ಟು, ನಿಮ್ಮ ಬ್ಯಾಂಕಿನವರು ಆ ಪಟ್ಟಿಯಲ್ಲಿ ಹಾಕಿಸಬೇಕು. ಇದಕ್ಕೆ ಸೀಡಿಂಗ್ ಅನ್ನುತ್ತಾರೆ. ಖಾತೆ ಹತ್ತು ಇದ್ದರೂ ಹಣ ಹೋಗುವುದು ಪಟ್ಟಿಯಲ್ಲಿ ಇರುವ ಬ್ಯಾಂಕಿಗೆ ಮಾತ್ರ. ಆಧಾರ್ ತಾಣದಲ್ಲಿ ಇದನ್ನು ನೋಡಬಹುದು, ಆಧಾರ್‌ಗೆ ಕೊಟ್ಟ ಮೊಬೈಲ್ ನಂಬರಿಗೆ ಓಟಿಪಿ ಬರುತ್ತದೆ.

ಅಜ್ಜನ ಜೇಬಿನಲ್ಲಿ ಗುಂಡಿ ಒತ್ತುವ ಫೋನು ಇತ್ತು. ಓಟಿಪಿ ಬಂತು. ನೋಡಿದರೆ, ಅಜ್ಜನ ಆಧಾರ್ ಆಗಲೇ ಬೇರೊಂದು ಬ್ಯಾಂಕಿಗೆ ಜೋಡಣೆಯಾಗಿದೆ!

"ಅಜ್ಜ, ನಿಮಗೆ ಇನ್ನೊಂದು ಖಾತೆ ಇದೆಯಲ್ಲ?"

"ದೇವರಾಣೆ ಇಲ್ಲ. ಬ್ಯಾಂಕಿನೊಳಗೆ ಕಾಲಿಟ್ಟದ್ದೇ ಇವತ್ತು."

ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ ನಿಧಾನಕ್ಕೆ ನೆನಪಾಯಿತು. ನಾಲ್ಕೈದು ವರ್ಷದ ಹಿಂದೆ ಶಾಲೆಯ ಜಗಲಿಯಲ್ಲಿ ಯಾರೋ ಮೇಜು ಹಾಕಿ ಕೂತಿದ್ದರಂತೆ. ಎಲ್ಲರೂ ಹೋದರು, ಇವರೂ ಹೋಗಿ ಬೆರಳು ಒತ್ತಿದರು. ಆಗ ಗೆರೆ ಇನ್ನೂ ಸ್ವಲ್ಪ ಉಳಿದಿತ್ತೋ ಏನೋ. 2014ರ ಆಗಸ್ಟಿನಲ್ಲಿ ಜನಧನ ಶುರುವಾದ ಮೇಲೆ ಹಳ್ಳಿಹಳ್ಳಿಯಲ್ಲಿ ನಡೆದ ಶಿಬಿರ ಅದು. ಅಜ್ಜ ಅದನ್ನು ವಿಮೆ ಎಂದುಕೊಂಡಿದ್ದರು.

"ಹಾಗಾದರೆ ನಾನು ಬ್ಯಾಂಕಿಗೆ ಬಂದದ್ದು ಇವತ್ತು, ಬ್ಯಾಂಕು ನಮ್ಮೂರಿಗೆ ಬಂದು ಹೋಗಿ ಆಗಲೇ ಐದು ವರ್ಷ ಆಯ್ತು ಅನ್ನಿ" ಎಂದು ನಕ್ಕರು.

ಒಪ್ಪಿಗೆ ಪತ್ರದಲ್ಲಿ ಹಳೆ ಬ್ಯಾಂಕಿನ ಹೆಸರು ಬರೆದು, ಇಲ್ಲಿಗೆ ಬದಲಾಯಿಸಿ ಎಂದು ಸಹಿ ಹಾಕಿಸಿಕೊಂಡೆ. ಆಗ ನೋಡದೇ ಬಿಟ್ಟಿದ್ದರೆ ಪರಿಹಾರದ ಹಣ ಆ ಕಡೆ ಹೋಗಿರುತ್ತಿತ್ತು. ಅಜ್ಜ ನಮ್ಮ ಪಾಸ್‌ಬುಕ್ ಹಿಡಿದು, ಬರಲಿಲ್ಲ ಬರಲಿಲ್ಲ ಎಂದು ತಾಲ್ಲೂಕು ಕಚೇರಿಗೆ ಅಲೆಯುತ್ತಿದ್ದರು. ಆ ಹಳೆ ಪಾಸ್‌ಬುಕ್ ಮನೆಯಲ್ಲಿ ಹುಡುಕಿ, ಆ ಬ್ಯಾಂಕಿಗೆ ಹೋಗಿ ಪ್ರಿಂಟ್ ಮಾಡಿಸಿ ಎಂದೂ ಹೇಳಿ ಕಳಿಸಿದೆ.

ಮುಂದಿನ ವಾರ ಮತ್ತೆ ಬಂದರು. ಈ ಸಲ ಬಾಗಿಲಲ್ಲಿ ನಿಲ್ಲಲಿಲ್ಲ, ನೇರ ನನ್ನ ಹತ್ತಿರ. ಕೈಯಲ್ಲಿ ಹಳೆ ಪಾಸ್‌ಬುಕ್. ಒಳ್ಳೆಮೆಣಸಿನ ಡಬ್ಬದ ಅಡಿಯಲ್ಲಿ ಸಿಕ್ಕಿತಂತೆ, ಅದೇ ವಾಸನೆ. ಪುಟ ಬಿಡಿಸಿದೆ. ಸಾಲು ಸಾಲಾಗಿ ಅಡುಗೆ ಗ್ಯಾಸಿನ ಸಬ್ಸಿಡಿ. ಇನ್ನೂರು ಚಿಲ್ಲರೆ, ನೂರು ಚಿಲ್ಲರೆ, ಮತ್ತೆ ಇನ್ನೂರು. ಸಿಲಿಂಡರ್ ಅಜ್ಜನ ಹೆಸರಲ್ಲಿ ಇತ್ತಲ್ಲ, ಹಣ ಅಷ್ಟು ವರ್ಷ ಅಲ್ಲಿಗೇ ಬಂದು ಕೂತಿತ್ತು.

"ಒಳ್ಳೆಯದೇ ಆಯ್ತಲ್ಲ ಅಜ್ಜ."

"ಏನು ಒಳ್ಳೆಯದು? ಮನೆಯಲ್ಲಿ ತೋರಿಸಿದೆ. ಗ್ಯಾಸ್ ಉರಿಸಿ ಅಡುಗೆ ಮಾಡಿದ್ದು ಯಾರು, ದುಡ್ಡು ನನ್ನದು ಅಂತಾಳೆ."

ಹೀಗೆಂದು ಬಾಗಿಲ ಕಡೆ ತಿರುಗಿ ನೋಡಿದರು. ಅಲ್ಲಿ ಅಜ್ಜಿ ಕೊಡೆ ಮಡಚುತ್ತಾ ನಿಂತಿದ್ದರು. ಚಪ್ಪಲಿ ಹೊರಗೆ ಬಿಟ್ಟು.

"ಚಪ್ಪಲಿ ಹಾಕಿಕೊಂಡೇ ಬಾ, ಇಲ್ಲಿ ಏನೂ ಹೇಳುವುದಿಲ್ಲ" ಎಂದು ಅಜ್ಜ ಕೂಗಿದರು. ಆಮೇಲೆ ನನ್ನ ಕಡೆ ತಿರುಗಿ, "ಇನ್ನೊಂದು ಫಾರಂ ಕೊಡು ಮಗಾ" ಎಂದರು.

ನಮಸ್ಕಾರ.