ಬೈಕ್ ಮಾರಿದಾಗ ಬೋನಸ್ ಯಾರ ಜೊತೆ ಹೋಗುತ್ತದೆ?

ಕೇಳುಗರಿಗೆ ನಮಸ್ಕಾರ.

ಹಳೇ ಬೈಕಿನ ವ್ಯಾಪಾರ ಕುದುರುವ ಹೊತ್ತಿಗೆ ಒಂದು ಮಾತು ಬಂದೇ ಬರುತ್ತದೆ. "ಇನ್ಶೂರೆನ್ಸ್ ಇನ್ನೂ ಎಂಟು ತಿಂಗಳಿದೆ ಸರ್. ನೋ ಕ್ಲೈಮ್ ಬೋನಸ್ 45 ಪರ್ಸೆಂಟ್ ಇದೆ. ಎಲ್ಲಾ ನಿಮಗೇ." ನೋ ಕ್ಲೈಮ್ ಬೋನಸ್ ಅಂದರೆ ಕ್ಲೈಮ್ ಮಾಡದ ವರ್ಷಗಳಿಗಾಗಿ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ. ಹೇಳುವವರು ಬೇಕಂತ ಸುಳ್ಳು ಹೇಳುವುದಿಲ್ಲ. ಅವರೂ ಹಾಗೇ ನಂಬಿರುತ್ತಾರೆ. ಆದರೆ ಇನ್ಶೂರೆನ್ಸ್ ಅರ್ಧ ಮಾತ್ರ ತಾನಾಗಿ ಕೊಂಡವರಿಗೆ ಹೋಗುತ್ತದೆ. ಬೋನಸ್ ಹೋಗುವುದೇ ಇಲ್ಲ.

ನಾನು ಬಹಳ ವರ್ಷ ವಾಹನ ವಿಮೆಯ ಕ್ಲೈಮ್ ಕಾಗದ ನೋಡಿದವನು. ಒಬ್ಬ ಹುಡುಗ ಬಂದಿದ್ದು ಇನ್ನೂ ನೆನಪಿದೆ. ಬೈಕ್ ಕೊಂಡು ಮೂರು ತಿಂಗಳಾಗಿತ್ತು. ರಾತ್ರಿ ಮನೆ ಮುಂದೆ ನಿಲ್ಲಿಸಿದ್ದ, ಬೆಳಿಗ್ಗೆ ಎದ್ದು ನೋಡಿದರೆ ಬೈಕ್ ಇಲ್ಲ. ಪೊಲೀಸ್ ದೂರು, ಎರಡು ಕೀ, ಪಾಲಿಸಿ, ಆರ್‌ಸಿ, ಎಲ್ಲಾ ಅಚ್ಚುಕಟ್ಟಾಗಿ ಒಂದು ಕವರಿನಲ್ಲಿ ತಂದಿದ್ದ. ಆರ್‌ಸಿಯಲ್ಲಿ ಅವನ ಹೆಸರಿತ್ತು. ಪಾಲಿಸಿಯಲ್ಲಿ ಹಳೇ ಮಾಲೀಕರ ಹೆಸರು. ಕ್ಲೈಮ್ ಆಗಲಿಲ್ಲ. ಪಾಲಿಸಿಯಲ್ಲಿ ಹೆಸರಿರುವವರದು ಬೈಕ್ ಅಲ್ಲ. ಬೈಕ್ ಯಾರದೋ ಅವರ ಹೆಸರು ಪಾಲಿಸಿಯಲ್ಲಿ ಇಲ್ಲ. ಇಬ್ಬರಿಗೂ ದುಡ್ಡು ಕೊಡಲು ದಾರಿ ಇರಲಿಲ್ಲ.

ಹೀಗೆ ಯಾಕಾಗುತ್ತದೆ ಅಂತ ನೋಡೋಣ. ಪೂರ್ತಿ ಪಾಲಿಸಿಯಲ್ಲಿ ಎರಡು ಭಾಗ ಇರುತ್ತವೆ. ಒಂದು ಥರ್ಡ್ ಪಾರ್ಟಿ. ನಿಮ್ಮ ಬೈಕಿನಿಂದ ಬೇರೆಯವರಿಗೆ ಪೆಟ್ಟಾದರೆ ಅವರಿಗೆ ಪರಿಹಾರ ಸಿಗುವುದು ಇದರಿಂದ. ಇನ್ನೊಂದು ಓನ್ ಡ್ಯಾಮೇಜ್. ನಿಮ್ಮ ಬೈಕೇ ಜಖಂ ಆದರೆ, ಕಳುವಾದರೆ, ಅದಕ್ಕೆ. 1988ರ ಮೋಟಾರು ವಾಹನ ಕಾಯ್ದೆಯ 157ನೇ ಸೆಕ್ಷನ್ ಪ್ರಕಾರ, ಬೈಕ್ ಕೈ ಬದಲಾದ ದಿನದಿಂದಲೇ ವಿಮೆಯೂ ಹೊಸ ಮಾಲೀಕರಿಗೆ ಹೋಯಿತು ಅಂತ ಲೆಕ್ಕ. ಆದರೆ ಈ ಲೆಕ್ಕ ಥರ್ಡ್ ಪಾರ್ಟಿಗೆ ಮಾತ್ರ. ಓನ್ ಡ್ಯಾಮೇಜ್ ತಾನಾಗಿ ಹೋಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಅದನ್ನು ಕೊಂಡವರು ಕೇಳಿಯೇ ಪಡೆಯಬೇಕು.

ಕೇಳುವುದಕ್ಕೆ ಅದೇ ಸೆಕ್ಷನ್ 14 ದಿನ ಕೊಡುತ್ತದೆ. ಎಲ್ಲರೂ ಎಡವುವುದು ಇಲ್ಲೇ. "ಹೊಸ ಆರ್‌ಸಿ ಕಾರ್ಡ್ ಬರಲಿ, ಆಮೇಲೆ ಇನ್ಶೂರೆನ್ಸ್ ಮಾಡಿಸಿದರಾಯ್ತು" ಅಂತ ಕಾಯುತ್ತಾರೆ. 14 ದಿನ ಶುರುವಾಗುವುದು ಬೈಕ್ ಕೈ ಬದಲಾದ ದಿನದಿಂದ, ಕಾರ್ಡ್ ಮನೆಗೆ ಬಂದ ದಿನದಿಂದ ಅಲ್ಲ. ಹಾಗಾಗಿ ಮಾರಾಟದ ಫಾರಂ 29 ಮತ್ತು 30ರ ಪ್ರತಿ, ಆರ್‌ಟಿಓದಲ್ಲಿ ಹಣ ಕಟ್ಟಿದ ರಸೀದಿ, ಹಳೇ ಪಾಲಿಸಿ, ಮಾರಿದವರ ಒಪ್ಪಿಗೆ ಪತ್ರ, ನಿಮ್ಮ ಹೆಸರಿನಲ್ಲಿ ತುಂಬಿದ ಹೊಸ ಪ್ರಪೋಸಲ್ ಫಾರಂ, ಇಷ್ಟನ್ನು ಇಟ್ಟು ಕಂಪನಿಗೆ ಅರ್ಜಿ ಹಾಕಿಬಿಡಿ. ಹೊಸ ಆರ್‌ಸಿ ಬೇಕೇ ಬೇಕು ಅಂದರೆ ಆಮೇಲೆ ತಂದು ಸೇರಿಸಬಹುದು. ಅರ್ಜಿ ಕೊಟ್ಟಿದ್ದಕ್ಕೆ ದಿನಾಂಕ ಇರುವ ರಸೀದಿಯನ್ನೋ ಇಮೇಲನ್ನೋ ಮಾತ್ರ ಬಿಡಬೇಡಿ.

ಆ ಒಪ್ಪಿಗೆ ಪತ್ರದ ಬಗ್ಗೆ ಒಂದು ಮಾತು. ಮಾರಿದವರು ಒಪ್ಪದೆ ಓನ್ ಡ್ಯಾಮೇಜ್ ಭಾಗ ನಿಮ್ಮ ಹೆಸರಿಗೆ ಬರುವುದಿಲ್ಲ. ದುಡ್ಡು ಎಣಿಸಿ ಕೊಡುವ ದಿನ ಅವರು ಎದುರಿಗೇ ಕೂತಿರುತ್ತಾರೆ. ಆ ಸಹಿ ಆಗಲೇ ಹಾಕಿಸಿಕೊಳ್ಳಿ. ಒಂದು ತಿಂಗಳು ಕಳೆದ ಮೇಲೆ ಫೋನ್ ಮಾಡಿದರೆ ಅವರು ಎತ್ತುವುದೇ ಕಷ್ಟ, ಅಲ್ವಾ?

ಈಗ ಬೋನಸ್ಸಿಗೆ ಬರೋಣ. ಒಂದು ವರ್ಷ ಕ್ಲೈಮ್ ಮಾಡದಿದ್ದರೆ 20 ಪರ್ಸೆಂಟ್, ಆಮೇಲೆ ವರ್ಷ ವರ್ಷಕ್ಕೆ 25, 35, 45, ಕೊನೆಗೆ 50. ಇದು ಹುಷಾರಾಗಿ ಗಾಡಿ ಇಟ್ಟುಕೊಂಡ ಮನುಷ್ಯನಿಗೆ ಸಿಗುವ ರಿಯಾಯಿತಿ, ಬೈಕಿಗೆ ಸಿಗುವುದಲ್ಲ. ಅದಕ್ಕೇ ಬೈಕ್ ಮಾರಿದರೂ ಅದು ಮಾರಿದವರ ಬಳಿಯೇ ಉಳಿಯುತ್ತದೆ.

ಹಾಗಾದರೆ ಪಾಲಿಸಿಯಲ್ಲಿ ಆಗಲೇ ಕಳೆದುಕೊಟ್ಟಿರುವ ಬೋನಸ್ ಕಥೆ ಏನು? ಸುಲಭದ ಅಂಕಿ ಹಿಡಿದು ಲೆಕ್ಕ ಹಾಕೋಣ. ಓನ್ ಡ್ಯಾಮೇಜ್ ಪ್ರೀಮಿಯಂ 1,000 ರೂಪಾಯಿ ಅನ್ನಿ. 45 ಪರ್ಸೆಂಟ್ ಬೋನಸ್ ಅಂದರೆ 450 ಕಳೆದು, ಹಳೇ ಮಾಲೀಕರು 550 ಕಟ್ಟಿದ್ದಾರೆ. ನಾಲ್ಕು ತಿಂಗಳು ಮುಗಿದಿದೆ, ಎಂಟು ತಿಂಗಳು ಬಾಕಿ. ಆ 450ರಲ್ಲಿ ಎಂಟು ತಿಂಗಳ ಪಾಲು 300 ರೂಪಾಯಿ. ಕೊಂಡವರಿಗೆ ಸ್ವಂತ ಬೋನಸ್ ಇಲ್ಲದಿದ್ದರೆ ಈ 300ನ್ನು ಕಂಪನಿ ಅವರಿಂದ ಕಟ್ಟಿಸಿಕೊಳ್ಳುತ್ತದೆ. 18 ಪರ್ಸೆಂಟ್ ಜಿಎಸ್‌ಟಿ 54 ಸೇರಿ 354 ರೂಪಾಯಿ. ಅದರ ಮೇಲೆ ಹೆಸರು ಬದಲಾವಣೆಯ ಸಣ್ಣ ಫೀಸು. ಇಷ್ಟೇ. ಆ ಹುಡುಗನಿಗೆ ಕ್ಲೈಮ್ ಸಿಗಲು ಇಂಥದ್ದೊಂದು ಸಣ್ಣ ಮೊತ್ತ ಸಾಕಾಗಿತ್ತು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಕೊಂಡವರು ತಮ್ಮ ಹಿಂದಿನ ಬೈಕಿನಿಂದ 25 ಪರ್ಸೆಂಟ್ ಬೋನಸ್ ಉಳಿಸಿಕೊಂಡಿದ್ದರೆ, ವ್ಯತ್ಯಾಸ ಅಂದರೆ 20 ಪರ್ಸೆಂಟಿನ ಪಾಲು ಮಾತ್ರ ಕಟ್ಟಬೇಕು. ಥರ್ಡ್ ಪಾರ್ಟಿ ಪ್ರೀಮಿಯಂಗೂ ಬೋನಸ್ಸಿಗೂ ಸಂಬಂಧವೇ ಇಲ್ಲ.

ದೊಡ್ಡ ಗುಂಡಿ ಇರುವುದು ಮುಂದಿನ ವರ್ಷ ರಿನ್ಯೂ ಮಾಡುವಾಗ. ಆನ್‌ಲೈನಿನಲ್ಲಿ ಬೈಕ್ ನಂಬರ್ ಹೊಡೆದರೆ ಹಳೇ ವಿವರ ಬರಬಹುದು, ಬೋನಸ್ ಸಮೇತ. "ಕಳೆದ ವರ್ಷ ಕ್ಲೈಮ್ ಮಾಡಿದ್ದೀರಾ?" ಅಂತ ಕೇಳುತ್ತದೆ. ಇಲ್ಲ ಅಂತ ಒತ್ತುತ್ತೇವೆ, ನಿಜವೇ ತಾನೇ? ಆದರೆ ಅದರ ಜೊತೆಗೆ ನಮ್ಮದಲ್ಲದ ಬೋನಸ್ಸನ್ನು ನಮ್ಮದು ಅಂತ ಬರೆದುಕೊಟ್ಟ ಹಾಗಾಯಿತು. ಹೇಳಿಕೆ ತಪ್ಪಾಗಿದ್ದರೆ ಓನ್ ಡ್ಯಾಮೇಜ್ ಭಾಗದ ಲಾಭವೆಲ್ಲಾ ಹೋಗುತ್ತದೆ ಅಂತ ಬೋನಸ್ಸಿನ ಘೋಷಣೆಯಲ್ಲೇ ಇರುತ್ತದೆ. ಕ್ಲೈಮ್ ಬಂದಾಗ ಹಿಂದಿನ ಕಂಪನಿಗೆ ಬರೆದು ವಿಚಾರಿಸುತ್ತಾರೆ. ಸತ್ಯ ಹೊರಬೀಳುವುದು ಬೈಕ್ ಜಖಂ ಆಗಿ ಗ್ಯಾರೇಜಿನಲ್ಲಿ ನಿಂತಿರುವಾಗ. ಹಾಗಾಗಿ ಪಾಲಿಸಿ ಕೈಗೆ ಬಂದ ತಕ್ಷಣ ಎರಡು ಜಾಗ ನೋಡಿ. ಮೇಲೆ ವಿಮೆದಾರರ ಹೆಸರು ಆರ್‌ಸಿಯಲ್ಲಿರುವ ಹಾಗೇ ಇದೆಯಾ? ಓನ್ ಡ್ಯಾಮೇಜ್ ಲೆಕ್ಕದ ಕೆಳಗೆ ನೋ ಕ್ಲೈಮ್ ಬೋನಸ್ ಸಾಲಿನಲ್ಲಿ ಎಷ್ಟು ಬರೆದಿದೆ?

ಮಾರಿದವರಿಗೂ ಒಂದು ಕೆಲಸ ಇದೆ. ಹೆಚ್ಚಿನವರು ಅದನ್ನು ಮಾಡದೆ ದುಡ್ಡು ಕಳೆದುಕೊಳ್ಳುತ್ತಾರೆ. ಬೈಕ್ ಮಾರಿದ ಪುರಾವೆ ತೋರಿಸಿ ನಿಮ್ಮ ಕಂಪನಿಯಿಂದ ನೋ ಕ್ಲೈಮ್ ಬೋನಸ್ ಪತ್ರ ಕೇಳಿ ಪಡೆಯಿರಿ. ಅದು ಮೂರು ವರ್ಷ ನಡೆಯುತ್ತದೆ. ಅಷ್ಟರೊಳಗೆ ಹೊಸ ಬೈಕೋ ಸ್ಕೂಟರೋ ಕೊಂಡರೆ ಮೊದಲ ಪಾಲಿಸಿಯಲ್ಲೇ ನಿಮ್ಮ 45 ಪರ್ಸೆಂಟ್ ಕಳೆಯುತ್ತಾರೆ. ಹೊಸ ಗಾಡಿಯ ಓನ್ ಡ್ಯಾಮೇಜ್ ಪ್ರೀಮಿಯಂ ಜಾಸ್ತಿ ಇರುವುದರಿಂದ ಉಳಿತಾಯವೂ ಜಾಸ್ತಿ. ಕಾರು ಕೊಂಡರೆ ಮಾತ್ರ ಇದು ನಡೆಯದು. ಒಂದೇ ವರ್ಗದ ಗಾಡಿ ಆಗಿರಬೇಕು.

ಬೋನಸ್ ಇನ್ನೊಬ್ಬರಿಗೆ ಹೋಗುವ ಮುಖ್ಯ ಸಂದರ್ಭ ಒಂದಿದೆ. ಮಾಲೀಕರು ತೀರಿಕೊಂಡು, ಬೈಕ್ ಅವರ ಗಂಡ ಅಥವಾ ಹೆಂಡತಿಗೋ, ಮಕ್ಕಳಿಗೋ, ತಂದೆತಾಯಿಗೋ ಬಂದಾಗ. ಅಪ್ಪನ ಬೈಕ್ ಓಡಿಸುವ ಮಗಳು ಅಪ್ಪ ಗಳಿಸಿದ 50 ಪರ್ಸೆಂಟನ್ನೂ ಕೇಳಿ ಪಡೆಯಬಹುದು. ಅದೇ ಅಪ್ಪ ಬದುಕಿದ್ದಾಗಲೇ ಬೈಕನ್ನು ಅವಳ ಹೆಸರಿಗೆ ಮಾಡಿಕೊಟ್ಟಿದ್ದರೆ, ಬೋನಸ್ ಅಪ್ಪನ ಹೆಸರಲ್ಲೇ ಉಳಿಯುತ್ತದೆ. ಮಗಳು ತನ್ನದನ್ನು ಸೊನ್ನೆಯಿಂದ ಶುರು ಮಾಡಬೇಕು.

ನಮಸ್ಕಾರ.